ಕರದಂಟಿಯಾ ದೇಶದ ಹದಿನಾಲ್ಕು ಮಂದಿ

ಕಾನೂನು ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಹುಟ್ಟುವ ದೇಶಗಳಷ್ಟು ನತದೃಷ್ಟ ದೇಶಗಳು ಭೂಗೋಳದಲ್ಲಿ ಎಲ್ಲಿಯೂ ಇಲ್ಲ. ಪಾಪ, ಅವುಗಳ ಆಯುಷ್ಯವೇ ಮೂರು ತಾಸು. ಆ ದೇಶದಲ್ಲಿ ಕಬ್ಬು ಬೆಳೆಯುವವರಿಲ್ಲ, ಬಸ್ಸಿಗೆ ಕಾಯುವವರಿಲ್ಲ, ಸಂತೆ ಇಲ್ಲ, ಜಾತ್ರೆ ಇಲ್ಲ. ಇರುವವರೆಲ್ಲ ಒಬ್ಬ ರಾಷ್ಟ್ರಾಧ್ಯಕ್ಷ, ಒಬ್ಬ ಪ್ರಧಾನಿ, ಒಬ್ಬ ಸ್ಪೀಕರ್, ಜೊತೆಗೆ ಮುನಿಸಿಕೊಂಡು ಹೋಟೆಲು ಸೇರಿದ ಒಂದಷ್ಟು ಶಾಸಕರು. ದೇಶ ಹುಟ್ಟಿದ ಎರಡನೇ ಸಾಲಿಗೇ ಸಾಂವಿಧಾನಿಕ ಬಿಕ್ಕಟ್ಟು. ಕೊನೆಯ ಸಾಲಿನಲ್ಲಿ ಪ್ರಶ್ನೆಪತ್ರಿಕೆ ತೆಗೆದವರು ಕೈತೊಳೆದುಕೊಂಡು ‘ಸಲಹೆ ನೀಡಿ’ ಎಂದು ಬರೆದು ಮನೆಗೆ ಹೋಗುತ್ತಾರೆ. ಆಮೇಲೆ ಆ ದೇಶವನ್ನು ಕಾಯುವ ಜವಾಬ್ದಾರಿ, ಬೆಳಿಗ್ಗೆ ಆರರ ಬಸ್ಸಿಗೆ ಅಂಕಲಗಿಯಿಂದ ನಿಂತುಕೊಂಡೇ ಬೆಳಗಾವಿಗೆ ಹೋದ ನಮ್ಮ ಹುಡುಗರ ಮೇಲೆ.

ಇಂಥ ಪ್ರಶ್ನೆಗೆ ಮೈಸೂರು ಕಡೆಯ ಹುಡುಗರು ಹೆದರಿದರೆ ಅದಕ್ಕೆ ಅರ್ಥವಿದೆ. ಗೋಕಾಕ ತಾಲೂಕಿನವರು ಹೆದರಬೇಕೇನ್ರೀ? 2019ರ ಜುಲೈ ತಿಂಗಳಲ್ಲಿ ನಮ್ಮ ಕಡೆ ಚಹಾದಂಗಡಿಗೆ ಹೋದರೆ ಚಹಾ ಬರುವ ಮೊದಲೇ ಹತ್ತನೇ ಅನುಸೂಚಿ ಬರುತ್ತಿತ್ತು. ಎಮ್ಮೆ ಕಾಯುವವನೂ ‘ವಿಪ್ಪು ಹತ್ತತೈತೋ ಇಲ್ಲೋ’ ಎಂದು ಕೇಳುತ್ತಿದ್ದ. ಆದರೂ ನಮ್ಮ ಹುಡುಗರು ಇದೇ ಪ್ರಶ್ನೆಯಲ್ಲಿ ಮುಗ್ಗರಿಸುತ್ತಾರೆ. ಯಾಕೆ ಅಂದರೆ, ಅವರಿಗೆ ವಿಷಯ ಗೊತ್ತಿಲ್ಲ ಅಂತಲ್ಲ. ಬಹಳ ಗೊತ್ತಿದೆ, ಅದೇ ಕುತ್ತು.

ನನ್ನ ತಂಗಿಯ ಮಗ ಎಲ್‌ಎಲ್‌ಬಿ ಓದುತ್ತಾನೆ. ಸಂಜೆ ಪುಸ್ತಕ ಹಿಡಿದು ನಮ್ಮ ಕಟ್ಟೆಗೆ ಬಂದು ಕೂಡುತ್ತಾನೆ. ಗೋಕಾಕ ಕೋರ್ಟಿನಲ್ಲಿ ಕರಿಕೋಟು ಹಾಕಿಕೊಂಡು ಓಡಾಡಿದ ತಪ್ಪಿಗೆ ನಾನೇ ಅವನ ಮೇಷ್ಟ್ರು. ಮೊನ್ನೆ ಅವನಿಗೊಂದು ದೇಶ ಮಾಡಿಕೊಟ್ಟೆ. ಗೋಕಾಕದ ಮಣ್ಣಿನ ಋಣ ತೀರಬೇಕಲ್ಲ, ಅದಕ್ಕೆ ‘ಕರದಂಟಿಯಾ’ ಅಂತ ಹೆಸರಿಟ್ಟೆ. ಪ್ರಶ್ನೆ ಹೀಗಿತ್ತು:

‘ಕರದಂಟಿಯಾ ಲಿಖಿತ ಸಂವಿಧಾನವಿರುವ ಸಂಸದೀಯ ಗಣರಾಜ್ಯ. ಅದರ ಸಭೆಯಲ್ಲಿ 120 ಸದಸ್ಯರು. ಆಳುವ ಮೈತ್ರಿಕೂಟಕ್ಕೆ 66, ವಿರೋಧ ಪಕ್ಷಕ್ಕೆ 54. ಜೂನ್ 3ರಂದು ಮೈತ್ರಿಕೂಟದ 14 ಸದಸ್ಯರು ರಾಜೀನಾಮೆ ಪತ್ರಗಳನ್ನು ಸ್ಪೀಕರ್ ಕಚೇರಿಯ ಕಾರ್ಯದರ್ಶಿಗೆ ಕೊಟ್ಟು ನೆರೆದೇಶದ ಹೋಟೆಲೊಂದಕ್ಕೆ ಹೋದರು. ಸ್ಪೀಕರ್ ಊರಿನಲ್ಲಿರಲಿಲ್ಲ. ಜೂನ್ 5ರಂದು ಆ 14 ಮಂದಿಯಲ್ಲಿ ಒಬ್ಬರು ರಾಜೀನಾಮೆ ಹಿಂಪಡೆಯುವುದಾಗಿ ಸ್ಪೀಕರ್‌ಗೆ ಪತ್ರ ಬರೆದರು. ಜೂನ್ 6ರಂದು ಸ್ಪೀಕರ್ ಮರಳಿ ಬಂದು ಎಲ್ಲ ಪತ್ರ ನೋಡಿದರು, ಏನೂ ತೀರ್ಮಾನಿಸಲಿಲ್ಲ. ಜೂನ್ 10ರಂದು ಆಳುವ ಪಕ್ಷ ವಿಪ್ ಹೊರಡಿಸಿತು. ಜೂನ್ 12ರಂದು ವಿಶ್ವಾಸಮತಕ್ಕೆ 14 ಮಂದಿಯೂ ಗೈರಾದರು. ಸರ್ಕಾರದ ಪರ 52, ವಿರುದ್ಧ 54 ಮತ ಬಿದ್ದು ಪ್ರಧಾನಿ ರಾಜೀನಾಮೆ ಕೊಟ್ಟರು. ಜೂನ್ 15ರಂದು ಸ್ಪೀಕರ್ 14 ರಾಜೀನಾಮೆಗಳನ್ನೂ ತಿರಸ್ಕರಿಸಿ, ಅಷ್ಟೂ ಮಂದಿಯನ್ನು ಅನರ್ಹಗೊಳಿಸಿ, ಸಭೆಯ ಅವಧಿ ಮುಗಿಯುವವರೆಗೆ ಅವರು ಚುನಾವಣೆಗೆ ನಿಲ್ಲುವಂತಿಲ್ಲ ಎಂದು ಆದೇಶಿಸಿದರು. ಸಂವಿಧಾನದ ವಿಧಿ 40: ಸದಸ್ಯನು ತನ್ನ ಸಹಿಯುಳ್ಳ ಪತ್ರದ ಮೂಲಕ ರಾಜೀನಾಮೆ ಕೊಡಬಹುದು, ಪತ್ರವು ಸ್ಪೀಕರ್‌ಗೆ ತಲುಪಿದಾಗ ಅವನ ಸ್ಥಾನ ತೆರವಾಗುತ್ತದೆ. ವಿಧಿ 41: ಪಕ್ಷದ ವಿಪ್‌ಗೆ ವಿರುದ್ಧವಾಗಿ ಮತ ಹಾಕಿದ ಅಥವಾ ಗೈರಾದ ಸದಸ್ಯನು ಅನರ್ಹನಾಗುತ್ತಾನೆ, ಈ ಬಗ್ಗೆ ಸ್ಪೀಕರ್ ತೀರ್ಮಾನಿಸತಕ್ಕದ್ದು. ಆ 14 ಮಂದಿ ನಿಮ್ಮ ಬಳಿ ಬಂದಿದ್ದಾರೆ. ಸಲಹೆ ನೀಡಿ. 10 ಅಂಕ.’

ಅಳಿಯ ಓದಿದ. ಅರ್ಧಕ್ಕೇ ಅವನ ಮುಖ ಅರಳಿತು.

‘ಮಾಮಾ, ಇದು ನಮ್ಮ ಗೋಕಾಕದ್ದ ಕೇಸ್ ಐತಿ!’

‘ಹೌದೇನಲೇ?’

‘ಹೂಂ ಮತ್ತ. ಶ್ರೀಮಂತ ಪಾಟೀಲ ವರ್ಸಸ್ ಸ್ಪೀಕರ್. ಬಾಯಿಪಾಠ ಐತಿ ನನಗ.’

ಅಂದವನೇ ಬರೆಯಲು ಶುರು ಮಾಡಿದ. ಒಂದೂವರೆ ಪುಟ ತುಂಬಿತು. ಅದರಲ್ಲಿ 1985ರ 52ನೇ ತಿದ್ದುಪಡಿ ಇತ್ತು, ಆಯಾರಾಂ ಗಯಾರಾಂ ಇದ್ದರು, ಬೊಮ್ಮಾಯಿ ಪ್ರಕರಣ ಇತ್ತು, ಪ್ರಜಾಪ್ರಭುತ್ವದ ಅಣಕದ ಬಗ್ಗೆ ಒಂದು ಭಾಷಣವೂ ಇತ್ತು. ವಿಧಿ 40 ಮಾತ್ರ ಎಲ್ಲಿಯೂ ಇರಲಿಲ್ಲ. ಪಾಪ ಕರದಂಟಿಯಾದವರು ತಮ್ಮ ಸಂವಿಧಾನವನ್ನು ಎರಡೇ ವಿಧಿಯಲ್ಲಿ ಮುಗಿಸಿ ಕೈಗಿತ್ತರೂ ನಮ್ಮವನು ಅದನ್ನು ಪಕ್ಕಕ್ಕಿಟ್ಟು ಭಾರತದ ಸಂವಿಧಾನವನ್ನೇ ಅವರ ಮೇಲೆ ಹೇರಿದ್ದ. ಬ್ರಿಟಿಷರೂ ಇಷ್ಟು ಅವಸರ ಮಾಡಿರಲಿಲ್ಲ.

ಗೋಕಾಕದ ಕೇಸು ಹೇಗಿತ್ತು ಅನ್ನುವುದನ್ನು ಒಮ್ಮೆ ಸರಿಯಾಗಿ ನೋಡೋಣ, ಆಗ ಕರದಂಟಿಯಾ ಎಲ್ಲಿ ದಾರಿ ಬಿಟ್ಟು ಹೊರಳಿತು ಎಂದು ಗೊತ್ತಾಗುತ್ತದೆ. 2019ರ ಜುಲೈ 1ರಂದು ನಮ್ಮ ಗೋಕಾಕದ ಶಾಸಕ ರಮೇಶ ಜಾರಕಿಹೊಳಿ ಮತ್ತು ವಿಜಯನಗರದ ಆನಂದ ಸಿಂಗ್ ಅವರ ರಾಜೀನಾಮೆಯಿಂದ ಶುರುವಾದದ್ದು, ಜುಲೈ 6ರ ಹೊತ್ತಿಗೆ ಗುಂಪು ರಾಜೀನಾಮೆಯಾಯಿತು. ಆ ದಿನ ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ ಕಚೇರಿಯಲ್ಲಿರಲಿಲ್ಲ. ಪತ್ರಗಳು ಕಚೇರಿಯ ಸಿಬ್ಬಂದಿಯ ಕೈಗೆ ಬಂದವು. ಶಾಸಕರು ಮುಂಬಯಿ ವಿಮಾನ ಹತ್ತಿದರು. ಜುಲೈ 23ರಂದು ವಿಶ್ವಾಸಮತದಲ್ಲಿ 99ಕ್ಕೆ 105 ಮತಗಳಿಂದ ಕುಮಾರಸ್ವಾಮಿ ಸರ್ಕಾರ ಬಿತ್ತು. ಜುಲೈ 25ರಂದು ಸ್ಪೀಕರ್ ಮೂವರನ್ನು ಅನರ್ಹಗೊಳಿಸಿದರು. ನಮ್ಮ ಗೋಕಾಕದ ರಮೇಶ ಜಾರಕಿಹೊಳಿ, ನಮ್ಮ ಅಥಣಿಯ ಮಹೇಶ ಕುಮಠಳ್ಳಿ, ರಾಣೆಬೆನ್ನೂರಿನ ಆರ್. ಶಂಕರ್. ಜುಲೈ 28ರಂದು ಉಳಿದ 14 ಮಂದಿ. ಅದರಲ್ಲಿ ನಮ್ಮ ಕಾಗವಾಡದ ಶ್ರೀಮಂತ ಪಾಟೀಲರೂ ಇದ್ದರು, ಕೇಸಿಗೆ ಹೆಸರು ಬಿದ್ದದ್ದು ಅವರದೇ. ಎಲ್ಲರಿಗೂ ವಿಧಾನಸಭೆಯ ಅವಧಿ ಮುಗಿಯುವ ತನಕ ಚುನಾವಣೆ ಇಲ್ಲ ಎಂಬ ಷರಾ. 17 ಮಂದಿಯಲ್ಲಿ ಮೂವರು ಬೆಳಗಾವಿ ಜಿಲ್ಲೆಯವರು ಅಂದಮೇಲೆ ನಮ್ಮ ಹುಡುಗರಿಗೆ ಈ ಕೇಸು ಬಾಯಿಪಾಠ ಇರುವುದು ಸಹಜವೇ.

ಆ ವರ್ಷದ ನವೆಂಬರ್ 13ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು, ಎನ್.ವಿ. ರಮಣ, ಸಂಜೀವ್ ಖನ್ನಾ ಮತ್ತು ಕೃಷ್ಣ ಮುರಾರಿ, ತೀರ್ಪು ಕೊಟ್ಟರು. ಅನರ್ಹತೆಯನ್ನು ಎತ್ತಿಹಿಡಿದರು. ಆದರೆ ಅವಧಿಯವರೆಗೆ ನಿಲ್ಲುವಂತಿಲ್ಲ ಎಂಬ ಭಾಗವನ್ನು ಹೊಡೆದುಹಾಕಿದರು. ಯಾಕೆ ಅನರ್ಹತೆ ಉಳಿಯಿತು? ನಮ್ಮ ಹತ್ತನೇ ಅನುಸೂಚಿಯಲ್ಲಿ ವಿಪ್ ಮುರಿದವನನ್ನು ಹಿಡಿಯುವ ಮಾತು ಎರಡನೆಯದು. ಮೊದಲನೆಯದು, ಪಕ್ಷದ ಸದಸ್ಯತ್ವವನ್ನು ಸ್ವಇಚ್ಛೆಯಿಂದ ಬಿಟ್ಟವನೂ ಅನರ್ಹ ಎಂಬುದು. ಬಿಟ್ಟೆ ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ, ನಡತೆ ನೋಡಿಯೇ ತೀರ್ಮಾನಿಸಬಹುದು. ಆ ನಡತೆ ರಾಜೀನಾಮೆ ಒಪ್ಪಿಗೆಯಾಗುವ ಮೊದಲೇ ನಡೆದಿದ್ದರೆ, ಆಮೇಲೆ ರಾಜೀನಾಮೆ ಕೊಟ್ಟೆ ಎಂದು ತೋರಿಸಿ ಪಾರಾಗಲು ಬರುವುದಿಲ್ಲ. ಗೋಕಾಕ ಮತ್ತು ಅಥಣಿ ಶಾಸಕರ ವಿರುದ್ಧ ಅನರ್ಹತೆಯ ಅರ್ಜಿಯಂತೂ ಫೆಬ್ರವರಿಯಲ್ಲಿಯೇ ಸ್ಪೀಕರ್ ಮುಂದೆ ಬಿದ್ದಿತ್ತು, ರಾಜೀನಾಮೆಗೆ ತಿಂಗಳುಗಟ್ಟಲೆ ಮೊದಲು.

ಇಷ್ಟು ಇಟ್ಟುಕೊಂಡು ಈಗ ವಿಧಿ 41ನ್ನು ಓದಿ. ಸ್ವಇಚ್ಛೆಯಿಂದ ಪಕ್ಷ ಬಿಡುವ ಮಾತು ಅಲ್ಲಿ ಇದೆಯೆ? ಇಲ್ಲ. ಬರೀ ವಿಪ್. ಹಾಗಾದರೆ ಜೂನ್ 3ರಂದು ನೆರೆದೇಶದ ಹೋಟೆಲಿಗೆ ಹೋಗಿ ಅವರು ಮಲಗಿದರೋ, ಈಜಿದರೋ, ಕ್ರಿಕೆಟ್ ಆಡಿದರೋ, ಕರದಂಟಿಯಾ ಸಂವಿಧಾನಕ್ಕೆ ಅದರಿಂದ ಏನೂ ಆಗಬೇಕಾಗಿಲ್ಲ. ಹೋಟೆಲು ಪ್ರಶ್ನೆಯಲ್ಲಿ ಇರುವುದೇ ನಮ್ಮ ಅಳಿಯನಂಥವರು ಒಳಗೆ ಹೋಗಿ ಹೊರಗೆ ಬರದಿರಲಿ ಅಂತ. ಅರ್ಧ ಪುಟ ಅವನು ಆ ಹೋಟೆಲಿನಲ್ಲೇ ಕಳೆದಿದ್ದ.

‘ಮತ್ತ ಹೋಟೆಲ್ ಬಗ್ಗೆ ಏನೂ ಬರೀಬಾರದೇನು?’ ಅಂತ ಅವನಿಗೆ ಸಂಕಟ.

‘ಒಂದ ಸಾಲ ಬರಿ. ವಿಧಿ 41 ಹೊರಗಿನ ನಡತೆ ಹಿಡಿಯೂದಿಲ್ಲ, ಅದಕ್ಕ ಇದು ಪ್ರಸ್ತುತ ಅಲ್ಲ ಅಂತ. ಪೇಪರ್ ನೋಡಾಂವಗ ನೀ ಹೋಟೆಲ್ ನೋಡೀದಿ, ಆದ್ರ ಒಳಗ ಹೋಗಿಲ್ಲ ಅಂತ ತಿಳೀತೈತಿ.’

ಇನ್ನು ವಿಧಿ 40. ಇದರಲ್ಲಿ ಪ್ರಶ್ನೆ ತೆಗೆದವರ ಕಳ್ಳತನ ಇನ್ನೂ ಹೆಚ್ಚು. ನಮ್ಮ ಸಂವಿಧಾನದ 190(3)(ಬಿ) ಪ್ರಕಾರ ರಾಜೀನಾಮೆ ಕೊಟ್ಟರೆ ಸಾಲದು, ಸ್ಪೀಕರ್ ಅದನ್ನು ಒಪ್ಪಬೇಕು; ಅದು ಸ್ವಇಚ್ಛೆಯದಲ್ಲ ಅಥವಾ ನಿಜವಾದದ್ದಲ್ಲ ಎಂದು ವಿಚಾರಿಸಿ ಮನಗಂಡರೆ ಒಪ್ಪದಿರಬಹುದು. ಅಳಿಯ ಇದನ್ನೂ ಅಚ್ಚುಕಟ್ಟಾಗಿ ಬರೆದಿದ್ದ. ಆದರೆ ನಮ್ಮಲ್ಲಿ ಅದು ಮೊದಲಿನಿಂದ ಹಾಗಿರಲಿಲ್ಲ. 1974ರ 33ನೇ ತಿದ್ದುಪಡಿಗಿಂತ ಮೊದಲು ಒಪ್ಪಿಗೆಯ ಮಾತೇ ಇರಲಿಲ್ಲ. ಸಹಿಯುಳ್ಳ ಪತ್ರ ಸ್ಪೀಕರ್‌ಗೆ ಕೊಟ್ಟರೆ ಸ್ಥಾನ ತೆರವು. ಗುಜರಾತಿನ ಚಳವಳಿಯ ಕಾಲದಲ್ಲಿ ಶಾಸಕರನ್ನು ಹಿಡಿದು ಕಾಡಿ ರಾಜೀನಾಮೆ ಬರೆಸಿಕೊಂಡದ್ದು ಕಂಡಮೇಲೆ ಒಪ್ಪಿಗೆಯ ಬೇಲಿ ಹಾಕಿದರು. ಅಂದರೆ ಕರದಂಟಿಯಾ ಆಕಾಶದಿಂದ ಇಳಿದದ್ದಲ್ಲ, 1974ಕ್ಕಿಂತ ಹಿಂದಿನ ಭಾರತವೇ ಅದು. ಈ ಒಂದು ಸಾಲನ್ನು ಉತ್ತರದಲ್ಲಿ ಬರೆದರೆ, ನಮ್ಮ ವಿಧಿಗೂ ಅವರ ವಿಧಿಗೂ ಇರುವ ವ್ಯತ್ಯಾಸ ಗೊತ್ತಿದ್ದೇ ಮುಂದೆ ಹೋಗುತ್ತಿದ್ದೀರಿ ಎಂಬುದು ಸಾಬೀತಾಗುತ್ತದೆ.

ಹಾಗಾದರೆ ಕರದಂಟಿಯಾದಲ್ಲಿ ಸ್ಪೀಕರ್‌ಗೆ ತಿರಸ್ಕರಿಸುವ ಅಧಿಕಾರವೇ ಇಲ್ಲ. ತಲುಪಿತು, ತೆರವಾಯಿತು. ಅವರು ಅಂಚೆಪೆಟ್ಟಿಗೆ, ಅಷ್ಟೇ. ಆದರೆ ಯಾವಾಗ ತಲುಪಿತು? ಇಲ್ಲಿ ಪೆನ್ಸಿಲ್ ತೆಗೆದುಕೊಂಡು ಪ್ರಶ್ನೆಪತ್ರಿಕೆಯ ಮಗ್ಗುಲಲ್ಲಿ ತಾರೀಖುಗಳನ್ನು ಮೇಲಿನಿಂದ ಕೆಳಕ್ಕೆ ಬರೆದುಕೊಳ್ಳಿ: 3, 5, 6, 10, 12, 15. ತಾರೀಖು ಬಿಟ್ಟು ಬೇರೇನೂ ಬೇಡ. ಪ್ರಶ್ನೆ ತೆಗೆದವರು ತಾರೀಖು ಸುಮ್ಮನೆ ಕೊಡುವುದಿಲ್ಲ. ಯಾವುದಾದರೂ ತಾರೀಖು ನಿಮ್ಮ ಉತ್ತರದಲ್ಲಿ ಕೆಲಸ ಮಾಡದೆ ಉಳಿದರೆ, ಅಲ್ಲಿ ಒಂದು ಅಂಕ ಸತ್ತು ಬಿದ್ದಿದೆ ಎಂದು ತಿಳಿಯಿರಿ. ಅಳಿಯನ ಒಂದೂವರೆ ಪುಟದಲ್ಲಿ 5 ಮತ್ತು 6 ಎರಡೂ ಕಾಣೆಯಾಗಿದ್ದವು.

ವಿಧಿ 40 ‘ಸ್ಪೀಕರ್‌ಗೆ ತಲುಪಿದಾಗ’ ಅನ್ನುತ್ತದೆ. ಕಚೇರಿಗೆ ತಲುಪಿದರೆ ಸ್ಪೀಕರ್‌ಗೆ ತಲುಪಿದಂತೆಯೇ ಅನ್ನಬಹುದು. ಕಾರ್ಯದರ್ಶಿ ಇರುವುದು ಮತ್ತೇತಕ್ಕೆ? ಹಾಗಾದರೆ ಜೂನ್ 3. ಅಥವಾ ಸ್ಪೀಕರ್ ಎಂದರೆ ಆ ವ್ಯಕ್ತಿಯೇ, ಅವರ ಕಣ್ಣಿಗೆ ಬಿದ್ದಾಗಲೇ ತಲುಪಿದ್ದು ಅನ್ನಬಹುದು. ಹಾಗಾದರೆ ಜೂನ್ 6. ಎರಡಕ್ಕೂ ವಾದವಿದೆ. ಇಲ್ಲಿ ಹುಡುಗರು ಎರಡು ತಪ್ಪು ಮಾಡುತ್ತಾರೆ. ಒಬ್ಬ ಒಂದನ್ನೇ ಹಿಡಿದು ಇನ್ನೊಂದು ಇದ್ದದ್ದೇ ಗೊತ್ತಿಲ್ಲದವನಂತೆ ಓಡುತ್ತಾನೆ. ಇನ್ನೊಬ್ಬ ಒಂದು ಪುಟ ಎರಡನ್ನೂ ತೂಗಿ, ಕೊನೆಗೆ ‘ಇದು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು’ ಎಂದು ಕೈಮುಗಿಯುತ್ತಾನೆ. ನ್ಯಾಯಾಲಯದ ವಿವೇಚನೆಗೆ ಬಿಡುವುದಾದರೆ ಹದಿನಾಲ್ಕು ಮಂದಿ ನಿನ್ನ ಹತ್ತಿರ ಯಾಕೆ ಬಂದರಪ್ಪಾ?

ಮೊದಲು ಕೇಳಬೇಕಾದದ್ದು, ಈ ಜಗಳದಿಂದ ಯಾರಿಗೆ ಏನಾಗುತ್ತದೆ ಎಂದು. ಹದಿಮೂರು ಮಂದಿಯ ಮಟ್ಟಿಗೆ ಏನೂ ಆಗುವುದಿಲ್ಲ. 3 ಎಂದರೂ 6 ಎಂದರೂ, ಜೂನ್ 10ರಂದು ವಿಪ್ ಬಂದಾಗ ಅವರು ಸಭೆಯ ಸದಸ್ಯರಾಗಿರಲಿಲ್ಲ. ವಿಧಿ 41 ‘ಸದಸ್ಯನು’ ಅನ್ನುತ್ತದೆ. ಸದಸ್ಯನಲ್ಲದವನಿಗೆ ವಿಪ್ ಇಲ್ಲ, ವಿಪ್ ಇಲ್ಲದವನಿಗೆ ಅನರ್ಹತೆ ಇಲ್ಲ. ಜೂನ್ 15ರ ಆದೇಶ ಅವರ ಮಟ್ಟಿಗೆ ಗಾಳಿಗೆ ಹೊಡೆದ ಗುಂಡು. ಗೋಕಾಕದಲ್ಲಿ ಸಿಕ್ಕಿಬಿದ್ದವರು ಕರದಂಟಿಯಾದಲ್ಲಿ ಪಾರಾಗುತ್ತಾರೆ. ಇದು ಕೇಳಿ ಅಳಿಯನಿಗೆ ಸಿಟ್ಟೇ ಬಂತು.

‘ಹಂಗಾದ್ರ ಅವರು ಮಾಡಿದ್ದು ಸರಿ ಏನ ಮಾಮಾ?’

‘ಸರಿಯೋ ತಪ್ಪೋ ಬಸ್‌ಸ್ಟ್ಯಾಂಡಿನ್ಯಾಗ ಮಾತಾಡು. ಇಲ್ಲಿ ನೀ ಅವರ ವಕೀಲ.’

ಈ ಮಾತು ನಮ್ಮ ತಾಲೂಕಿನ ಹುಡುಗರಿಗೆ ಒತ್ತಿ ಹೇಳಬೇಕು. ನಮ್ಮಲ್ಲಿ ರಾಜಕೀಯ ಮನೆಯೊಳಗಿನ ಮಾತು. 2019ರ ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಗೋಕಾಕದಲ್ಲಿ ಅಣ್ಣ ರಮೇಶ ಜಾರಕಿಹೊಳಿ ಒಂದು ಪಕ್ಷದಿಂದ, ತಮ್ಮ ಲಖನ್ ಇನ್ನೊಂದು ಪಕ್ಷದಿಂದ ನಿಂತದ್ದನ್ನು ಕಂಡ ಜನ ನಾವು. ಪ್ರತಿ ಮನೆಗೂ ಒಂದು ಅಭಿಪ್ರಾಯ, ಕೆಲವು ಮನೆಗೆ ಎರಡು. ಆ ಬಿಸಿ ಉತ್ತರಪತ್ರಿಕೆಗೆ ಇಳಿದರೆ, ಪ್ರಶ್ನೆಯಲ್ಲಿ ಇಲ್ಲದ ಹಣದ ಚೀಲ, ಇಲ್ಲದ ಫೋನ್ ಸಂಭಾಷಣೆ ಎಲ್ಲವೂ ಸಾಲಾಗಿ ಬಂದು ನಿಲ್ಲುತ್ತವೆ. ಅಳಿಯನ ಉತ್ತರದಲ್ಲಿ ‘ಮಂತ್ರಿಗಿರಿಯ ಆಮಿಷಕ್ಕೆ ಒಳಗಾಗಿ’ ಎಂದಿತ್ತು. ಯಾರು ಒಡ್ಡಿದರು ಆಮಿಷ? ಪ್ರಶ್ನೆಯಲ್ಲಿ ಹುಡುಕು ಎಂದೆ. ಹುಡುಕಿದ, ಸಿಗಲಿಲ್ಲ, ಕೆಂಪು ಪೆನ್ನು ಕೊಟ್ಟೆ.

ಎದುರು ಪಕ್ಷದವರ ವಾದವನ್ನು ಬಿಡಬಾರದು. ಅವರು ಏನು ಹೇಳಬಹುದು? ಬಲವಂತದ ರಾಜೀನಾಮೆ ರಾಜೀನಾಮೆಯೇ ಅಲ್ಲ, ವಿಧಿ 40ರಲ್ಲಿ ಬರೆಯದಿದ್ದರೂ ಅದನ್ನು ಒಳಗಿಟ್ಟೇ ಓದಬೇಕು ಎನ್ನಬಹುದು. ಒಳ್ಳೆಯ ವಾದ. ಅದನ್ನು ಒಂದು ಮಟ್ಟಿಗೆ ಒಪ್ಪಿಬಿಡಿ. ಆಮೇಲೆ, ಬಲವಂತ ನಡೆದಿತ್ತು ಎಂಬುದಕ್ಕೆ ಪ್ರಶ್ನೆಯಲ್ಲಿ ಒಂದೂ ಸಂಗತಿ ಇಲ್ಲ, ಸ್ಪೀಕರ್ ಆದೇಶವೂ ಹಾಗೆ ಹೇಳಿದಂತೆ ಕಾಣುವುದಿಲ್ಲ ಎಂದು ತೋರಿಸಿ. ಒಪ್ಪಿ ಹೊಡೆಯುವ ಈ ಪಟ್ಟು ಗೊತ್ತಿದ್ದವನಿಗೆ ಕೊಡುವ ಅಂಕ, ಒಪ್ಪದೆ ಕೂಗಾಡುವವನಿಗೆ ಯಾರೂ ಕೊಡುವುದಿಲ್ಲ.

ಈಗ ಬಂದೆವು ನೋಡಿ ನನ್ನ ಪ್ರೀತಿಯ ಮನುಷ್ಯನ ಹತ್ತಿರ. ಹದಿನಾಲ್ಕನೆಯವನು. ಜೂನ್ 3ರಂದು ಕೊಟ್ಟ, ಜೂನ್ 5ರಂದು ಬೇಡವೆಂದ, ಜೂನ್ 12ರಂದು ಮತ್ತೆ ಗೈರಾದ. ಇಂಥವರು ಕಥೆಯಲ್ಲಿ ಮಾತ್ರ ಇರುತ್ತಾರೆ ಅನ್ನಬೇಡಿ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರದ ಮೇಲೆ ವಿಶ್ವಾಸವಿಲ್ಲ ಎಂದು ಹತ್ತೊಂಬತ್ತು ಶಾಸಕರ ಪತ್ರಗಳು ರಾಜ್ಯಪಾಲರಿಗೆ ಹೋದವು. ಅವರಲ್ಲಿ ಏಳು ಮಂದಿ ಆಮೇಲೆ ಮನಸ್ಸು ಬದಲಿಸಿ ಪತ್ರ ವಾಪಸು ತೆಗೆದುಕೊಂಡರು. 2019ರಲ್ಲಿಯೂ ಬೆಂಗಳೂರಿನ ರಾಮಲಿಂಗಾರೆಡ್ಡಿ ರಾಜೀನಾಮೆ ಕೊಟ್ಟು, ಹಿಂಪಡೆದು, ಬಂದು ಸರ್ಕಾರದ ಪರ ಮತ ಹಾಕಿದರು. ನಮ್ಮ ರಾಜ್ಯದ ಇತಿಹಾಸದಲ್ಲಿ ಮನಸ್ಸು ಬದಲಿಸುವುದೇ ಒಂದು ಶಾಖೆ.

ಹದಿಮೂರು ಮಂದಿಗೆ ಬೇಡವಾದ 3 ಮತ್ತು 6ರ ಜಗಳ ಇವನೊಬ್ಬನ ಹಣೆಬರಹ ತೀರ್ಮಾನಿಸುತ್ತದೆ. ಜೂನ್ 3ರಂದೇ ಪತ್ರ ತಲುಪಿತು ಎಂದರೆ ಅಂದೇ ಸ್ಥಾನ ತೆರವು. 5ನೇ ತಾರೀಖಿನ ಪತ್ರ ತೆರವಾದ ಕುರ್ಚಿಯನ್ನು ತುಂಬಲಾರದು. 12ರಂದು ಅವನು ಸದಸ್ಯನೇ ಅಲ್ಲ, ಅನರ್ಹತೆ ಇಲ್ಲ. ಜೂನ್ 6ರಂದು ತಲುಪಿತು ಎಂದರೆ, ಆ ಹೊತ್ತಿಗೆ ಹಿಂಪಡೆದ ಪತ್ರವೂ ಅದೇ ಮೇಜಿನ ಮೇಲಿತ್ತು. ರಾಜೀನಾಮೆ ಜೀವ ಬರುವ ಮೊದಲೇ ಸತ್ತಿತು. ಅವನು ಸದಸ್ಯನಾಗಿಯೇ ಉಳಿದ. 12ರಂದು ಗೈರಾಗಿ ವಿಧಿ 41ಕ್ಕೆ ಸಿಕ್ಕಿಬಿದ್ದ. ಅಂದರೆ ತನ್ನನ್ನು ಉಳಿಸಿಕೊಳ್ಳಲು ಬರೆದ ಪತ್ರವೇ ಅವನನ್ನು ಮುಳುಗಿಸುತ್ತದೆ. ಅವನ ವಕೀಲ ನ್ಯಾಯಾಲಯದಲ್ಲಿ ನಿಂತು, ‘ಸ್ವಾಮಿ, ನನ್ನ ಕಕ್ಷಿದಾರ ಹಿಂಪಡೆದದ್ದು ತಡವಾಯಿತು, ಅದು ನಡೆಯುವುದಿಲ್ಲ’ ಎಂದು ಅವನದೇ ಪತ್ರದ ವಿರುದ್ಧ ವಾದಿಸಬೇಕು. ಅಳಿಯ ಇದನ್ನು ಕೇಳಿ ಪೆನ್ನು ಕೆಳಗಿಟ್ಟು ನಕ್ಕ. ನಕ್ಕಾಗಲೇ ಗೊತ್ತಾಯಿತು, ಪ್ರಶ್ನೆ ಅವನ ತಲೆಗೆ ಇಳಿದಿದೆ ಎಂದು.

ಜೂನ್ 3ರ ವಾದ ಸೋತರೆ? ಅದಕ್ಕೂ ಒಂದು ಪ್ಯಾರಾ ಇಟ್ಟುಕೊಂಡಿರಬೇಕು. ವಿಪ್ ಅವನಿಗೆ ಮುಟ್ಟಿತ್ತೆ? ಪ್ರಶ್ನೆ ಹೇಳಿಲ್ಲ. ಅನರ್ಹಗೊಳಿಸುವ ಮೊದಲು ಸ್ಪೀಕರ್ ನೋಟಿಸು ಕೊಟ್ಟು ಅವನ ಮಾತು ಕೇಳಿದರೇ? ಅದನ್ನೂ ಹೇಳಿಲ್ಲ, 12ಕ್ಕೂ 15ಕ್ಕೂ ನಡುವೆ ಮೂರೇ ದಿನ. ಹೇಳದೆ ಬಿಟ್ಟದ್ದನ್ನು ನೀವು ತುಂಬಬಾರದು, ‘ನೋಟಿಸು ಕೊಟ್ಟಿರದಿದ್ದರೆ’ ಎಂದು ಷರತ್ತು ಹಾಕಿ ಬರೆಯಬೇಕು. ಇಲ್ಲಿ ಗೋಕಾಕದ ಕೇಸು ನಿಮ್ಮ ವಿರುದ್ಧವೇ ಇದೆ ಎಂಬುದನ್ನು ಮರೆಯಬೇಡಿ. ಕರ್ನಾಟಕದ ನಿಯಮಗಳಲ್ಲಿ ಉತ್ತರಕ್ಕೆ ಏಳು ದಿನ ಎಂದಿದ್ದರೂ ಸ್ಪೀಕರ್ ಕೊಟ್ಟದ್ದು ಮೂರು ದಿನ. ಅಷ್ಟಕ್ಕೇ ಆದೇಶ ಬೀಳುವುದಿಲ್ಲ ಎಂದಿತು ಸುಪ್ರೀಂ ಕೋರ್ಟು. ಆದ್ದರಿಂದ ಮೂರು ದಿನ ಕಡಿಮೆಯಾಯಿತು ಎಂದು ಅಳಬೇಡಿ. ಏನೂ ಕೇಳದೆ ಅನರ್ಹಗೊಳಿಸಿದ್ದರೆ ಆದೇಶ ರದ್ದು ಮಾಡಿ ಮರುವಿಚಾರಣೆಗೆ ಕಳಿಸಿ ಎಂದು ಕೇಳಿ. ನಿಮಗೆ ಎದುರಾದ ತೀರ್ಪನ್ನು ಮುಚ್ಚಿಡದೆ ದಾಟಿ ಹೋಗುವವನೇ ಕೋರ್ಟಿನಲ್ಲಿಯೂ ಬಾಳುತ್ತಾನೆ.

ಆಮೇಲೆ ಉಳಿದದ್ದು ಅವಧಿ ಮುಗಿಯುವವರೆಗಿನ ನಿಷೇಧ. ಇದಕ್ಕೆ ಮೂರೇ ಸಾಲು ಸಾಕು. ವಿಧಿ 41 ಅನರ್ಹ ಅನ್ನುತ್ತದೆ, ಎಷ್ಟು ಕಾಲ ಅನ್ನುವುದಿಲ್ಲ, ಚುನಾವಣೆಗೆ ನಿಲ್ಲಬಾರದು ಅನ್ನುವುದಿಲ್ಲ; ಬರೆಯದ ಶಿಕ್ಷೆಯನ್ನು ಸ್ಪೀಕರ್ ತಾವೇ ಬರೆಯಲಾರರು. ಇಲ್ಲಿ ಮಾತ್ರ ಗೋಕಾಕದ ತೀರ್ಪು ನೇರವಾಗಿ ನಿಮ್ಮ ಪರ. ಅದೇ ಕಾರಣಕ್ಕೆ ಹದಿನೈದು ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆದು ಗೋಕಾಕ, ಅಥಣಿ, ಕಾಗವಾಡ ಮೂರರಲ್ಲಿಯೂ ಅನರ್ಹರಾದವರೇ ಮರಳಿ ಗೆದ್ದರು. ಆದರೆ ‘ಸುಪ್ರೀಂ ಕೋರ್ಟ್ ಹೇಳಿದ್ದರಿಂದ’ ಎಂದು ಬರೆಯಬೇಡಿ. ಭಾರತದ ಸುಪ್ರೀಂ ಕೋರ್ಟಿನ ಮಾತು ಕರದಂಟಿಯಾ ನ್ಯಾಯಾಧೀಶರನ್ನು ಕಟ್ಟಿಹಾಕುವುದಿಲ್ಲ. ತರ್ಕ ಚೆನ್ನಾಗಿದ್ದರೆ ಅವರು ಒಪ್ಪಬಹುದು, ಅಷ್ಟೇ. ಆದ್ದರಿಂದ ಮೊದಲು ತರ್ಕ, ಆಮೇಲೆ ಕೇಸಿನ ಹೆಸರು.

ಬೊಮ್ಮಾಯಿ ಪ್ರಕರಣವನ್ನು ಎಲ್ಲಿ ಹಾಕಲಿ ಎಂದು ಅಳಿಯ ಕೇಳಿದ. ಅವನಿಗೆ ಅದನ್ನು ಬಿಡಲು ಮನಸ್ಸೇ ಇಲ್ಲ, ಹುಬ್ಬಳ್ಳಿಯವರ ಕೇಸು, 1994ರ ಮಾರ್ಚ್ 11, ಒಂಬತ್ತು ನ್ಯಾಯಮೂರ್ತಿಗಳು, ಎಲ್ಲಾ ನಾಲಿಗೆ ತುದಿಯಲ್ಲಿದೆ. ಆ ಕೇಸು ಹೇಳಿದ್ದು, ಬಹುಮತ ಇದೆಯೋ ಇಲ್ಲವೋ ಎಂಬುದನ್ನು ರಾಜಭವನದಲ್ಲಿ ಅಲ್ಲ, ಸದನದಲ್ಲಿ ಎಣಿಸಬೇಕು ಎಂದು. ಅಂದು ಬೊಮ್ಮಾಯಿಯವರು ಸದನದಲ್ಲಿ ತೋರಿಸುತ್ತೇನೆ ಎಂದರೂ ಅವಕಾಶ ಸಿಗಲಿಲ್ಲ. ಕರದಂಟಿಯಾದಲ್ಲಿ ಸದನದಲ್ಲಿಯೇ ಎಣಿಸಿ ಆಗಿದೆ, 52ಕ್ಕೆ 54. ಹದಿನಾಲ್ಕನೆಯವನನ್ನು ಸದಸ್ಯ ಎಂದು ಲೆಕ್ಕಕ್ಕೆ ತೆಗೆದುಕೊಂಡರೂ ಅವನು ಬಂದಿಲ್ಲ, ಮತ ಬದಲಾಗುವುದಿಲ್ಲ. ಪ್ರಧಾನಿಯೂ ಮನೆಗೆ ಹೋಗಿ ಆಯಿತು. ಸರ್ಕಾರ ಬಿದ್ದದ್ದು ಸರಿಯೋ ಎಂದು ಯಾರೂ ನಮ್ಮನ್ನು ಕೇಳಿಲ್ಲ. ಆದ್ದರಿಂದ ಬೊಮ್ಮಾಯಿ ಇಲ್ಲಿ ಬೇಡ. ಅದರ ಬದಲು 1992ರ ಕಿಹೊಟೊ ಹೊಲ್ಲೊಹನ್ ಪ್ರಕರಣವನ್ನು ಒಂದು ಸಾಲಿನಲ್ಲಿ ತಂದರೆ, ಅನರ್ಹತೆ ತೀರ್ಮಾನಿಸುವಾಗ ಸ್ಪೀಕರ್ ಒಂದು ನ್ಯಾಯಮಂಡಳಿಯಂತೆ, ಅವರ ಆದೇಶವನ್ನು ನ್ಯಾಯಾಲಯ ಪರಿಶೀಲಿಸಬಹುದು ಎಂಬುದಕ್ಕೆ ಆಧಾರ ಸಿಗುತ್ತದೆ. ಅದಿಲ್ಲದೆ ಹದಿನಾಲ್ಕು ಮಂದಿ ಕೋರ್ಟಿನ ಮೆಟ್ಟಿಲು ಹತ್ತುವುದು ಹೇಗೆ?

ಇದೆಲ್ಲ ಹತ್ತು ಅಂಕಕ್ಕೆ. ಮೂರು ತಾಸಿನ, 80 ಅಂಕದ ಪತ್ರಿಕೆಯಾದರೆ ಲೆಕ್ಕದ ಪ್ರಕಾರ ಈ ಪ್ರಶ್ನೆಗೆ ಇಪ್ಪತ್ತೆರಡು ನಿಮಿಷ ಚಿಲ್ಲರೆ ಸಿಗುತ್ತದೆ. ಅದರಲ್ಲಿ ಐದು ನಿಮಿಷ ಏನೂ ಬರೆಯದೆ ಓದುವುದಕ್ಕೆ, ತಾರೀಖಿನ ಸಾಲು ಮಾಡುವುದಕ್ಕೆ ಕೊಡಿ. ಪಕ್ಕದ ಬೆಂಚಿನವನು ಆಗಲೇ ಎರಡನೇ ಪುಟಕ್ಕೆ ಹೋಗಿರುತ್ತಾನೆ, ಅವನು 52ನೇ ತಿದ್ದುಪಡಿ ಬರೆಯುತ್ತಿರುತ್ತಾನೆ, ಬರೆಯಲಿ. ಬರೆಯಲು ಶುರು ಮಾಡಿದಾಗ ಮೊದಲ ಪ್ಯಾರಾದಲ್ಲಿಯೇ ಮೂರು ಪ್ರಶ್ನೆ ಹೊರಬೀಳಲಿ: ರಾಜೀನಾಮೆ ಯಾವಾಗ ಜಾರಿಗೆ ಬಂತು, ವಿಪ್ ಬಂದ ದಿನ ಯಾರು ಸದಸ್ಯರಾಗಿದ್ದರು, ಸ್ಪೀಕರ್ ಅವಧಿಯ ನಿಷೇಧ ಹಾಕಬಹುದೆ. ಉತ್ತರ ಸರಿ ದಾರಿಯಲ್ಲಿದೆಯೋ ಇಲ್ಲವೋ ಎಂದು ನೋಡಲು ನಾನು ಅಳಿಯನಿಗೆ ಹೇಳಿಕೊಟ್ಟ ಪರೀಕ್ಷೆ ಇದು: ಬರೆದದ್ದರಲ್ಲಿ ‘ಕರದಂಟಿಯಾ’ ಇದ್ದಲ್ಲೆಲ್ಲ ‘ಭಾರತ’ ಎಂದು ಹಾಕಿ ಓದು. ಆಗಲೂ ಉತ್ತರ ಸರಿಯಾಗಿಯೇ ಕಂಡರೆ, ನೀನು ಪ್ರಶ್ನೆ ಓದಿಲ್ಲ.

ಎರಡನೇ ಸಲ ಬರೆದು ತಂದ. ಮುಕ್ಕಾಲು ಪುಟ. ಹದಿಮೂರು ಮಂದಿಗೆ ಒಂದು ಸಲಹೆ, ಹದಿನಾಲ್ಕನೆಯವನಿಗೆ ಬೇರೆ ಸಲಹೆ, ಅವನ ಪ್ಯಾರಾದಲ್ಲಿ ಎರಡು ‘ಒಂದು ವೇಳೆ’. ಹೋಟೆಲು ಒಂದೇ ಸಾಲಿಗೆ ಇಳಿದಿತ್ತು. ಬೊಮ್ಮಾಯಿ ಮಾತ್ರ ಕೊನೆಯ ಸಾಲಿನಲ್ಲಿ ಹೇಗೋ ನುಸುಳಿಕೊಂಡು ಕೂತಿದ್ದರು. ಹತ್ತಕ್ಕೆ ಏಳು ಕೊಟ್ಟೆ.

‘ಮಾಮಾ, ಅದೆಲ್ಲಾ ಇರ್ಲಿ,’ ಅಂದ ಚಹಾದ ಕಪ್ಪು ಕೆಳಗಿಡುತ್ತ, ‘ಆ ಹದಿನಾಲ್ಕನೇ ಮನಷ್ಯಾ ಮತ್ತ ಎಲೆಕ್ಷನ್‌ಗೆ ನಿಂತ್ರ ಯಾವ ಪಾರ್ಟಿಯಿಂದ ನಿಲ್ತಾನ?’

‘ಅದಕ್ಕ ಇನ್ನಾ ಹತ್ತ ಅಂಕದ ಪ್ರಶ್ನೆ ಬೇಕಲೇ,’ ಎಂದೆ.